ನಾನ್‌ವರ್ಬಲ್ ಅಂದರೆ ಕೈ ಬೇಡ ಅಂತಲ್ಲ: ಅಮೆರಿಕದ ಶಾಲೆ, ಸೆರೆಬ್ರಲ್ ಪಾಲ್ಸಿ ಮಗು ಮತ್ತು ಬುದ್ಧಿ ಪರೀಕ್ಷೆ

ಕಳೆದ ಬೇಸಿಗೆಯಲ್ಲಿ ಶಿರಸಿಗೆ ಬಂದಿದ್ದಾಗ ಅಂಕೋಲೆಯ ಒಂದು ಕುಟುಂಬ ಫೈಲ್ ಹಿಡಿದು ನಮ್ಮ ಮನೆಗೆ ಬಂತು. ಅವರೂ ನಮ್ಮ ಹಾಗೆ ಅಮೆರಿಕದಲ್ಲಿ ಇರುವವರು, ಹೋಗಿ ಒಂದೂವರೆ ವರ್ಷವಾಗಿತ್ತು. ಮಗನಿಗೆ ಎಂಟು ವರ್ಷ. ಹುಟ್ಟಿದ ವಾರದಲ್ಲೇ ಕಾಮಾಲೆ ಮಿದುಳಿಗೆ ಏರಿ ಸೆರೆಬ್ರಲ್ ಪಾಲ್ಸಿ ಆಗಿತ್ತು. ಮಾತು ಹೊರಗಿನವರಿಗೆ ತಿಳಿಯುವುದಿಲ್ಲ. ಕೈ ಎತ್ತಲು ಹೋದರೆ ಮೈಯೆಲ್ಲ ತಿರುಚಿಕೊಳ್ಳುತ್ತದೆ. ಅಲ್ಲಿನ ಶಾಲೆಯ ವರದಿಯನ್ನು ಅವನ ತಾಯಿ ನನ್ನ ಮುಂದೆ ಇಟ್ಟಳು. ನಾನ್‌ವರ್ಬಲ್ ಪರೀಕ್ಷೆ ಮಾಡಿದ್ದೇವೆ, ಅಂಕ 50ಕ್ಕಿಂತ ಕೆಳಗೆ, ಬುದ್ಧಿಮಾಂದ್ಯ ಎಂದು ಬರೆದಿತ್ತು. "ಅಕ್ಕಾ, ಮಾತಿಲ್ಲದ ಪರೀಕ್ಷೆಯನ್ನೇ ಮಾಡಿದಾರೆ, ಆದ್ರೂ ಹೀಗೆ ಬಂತು" ಅಂದಳು.

ಒಂಬತ್ತು ವರ್ಷದ ಹಿಂದೆ ನನ್ನ ಮಗಳ ವರದಿಯಲ್ಲೂ ಇದೇ ಇತ್ತು. ನಾನೂ ಇದೇ ಮಾತು ಹೇಳಿದ್ದೆ. ಶಾಲೆಯಲ್ಲಿ ಯಾರನ್ನು ಭೇಟಿಯಾಗಬೇಕು, ಮಗುವಿನ ಕಲಿಕೆಯ ಯೋಜನೆ ಬರೆಯುವ ಐಇಪಿ ಸಭೆ ಹೇಗೆ ನಡೆಯುತ್ತದೆ ಎಂಬುದನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಈ ಒಂದು ಪದದ ವಿಷಯ ಮಾತ್ರ ಯಾರೂ ಹೇಳುವುದಿಲ್ಲ.

ನಾನ್‌ವರ್ಬಲ್ ಪರೀಕ್ಷೆ ಮೂಲತಃ ಕಿವುಡ ಮಕ್ಕಳಿಗೆ, ಇಂಗ್ಲಿಷ್ ಬಾರದ ಮಕ್ಕಳಿಗೆ, ಮಾತಿನ ತೊಂದರೆ ಇರುವ ಮಕ್ಕಳಿಗೆ ಆಗಿ ಬಂದದ್ದು. ಅಲ್ಲಿ ಪರೀಕ್ಷಕರು ಸನ್ನೆಯಲ್ಲಿ ತೋರಿಸುತ್ತಾರೆ, ಮಗು ಕೈಯಲ್ಲಿ ಉತ್ತರ ಕೊಡುತ್ತದೆ. ಶಾಲೆಗಳು ಹೆಚ್ಚಾಗಿ ಬಳಸುವ ಲೈಟರ್ ಪರೀಕ್ಷೆಯಲ್ಲಿ ತುಂಡುಗಳನ್ನು ಎತ್ತಿ ಜಾಗಕ್ಕೆ ಇಡಬೇಕು. ಯುನಿಟ್ ಎಂಬ ಇನ್ನೊಂದು ಬುದ್ಧಿ ಪರೀಕ್ಷೆಯ ಕೆಲವು ಭಾಗಗಳಲ್ಲೂ ಕೈಯಿಂದ ಜೋಡಿಸಬೇಕು. ವೆಕ್ಸ್ಲರ್ ಪರೀಕ್ಷೆಯ ಬ್ಲಾಕ್ ಜೋಡಿಸುವ ಭಾಗಕ್ಕೆ ಗಡಿಯಾರವೂ ಇದೆ. ಅಂದರೆ ಬಾಯಿ ಬೇಡ, ಕೈ ಬೇಕು. ನಮ್ಮ ಮಕ್ಕಳಿಗೆ ಎರಡೂ ಇಲ್ಲ.

ನನಗೆ ಶಾಲೆಯಿಂದ ಒಪ್ಪಿಗೆ ಪತ್ರ ಬಂದಾಗ "ನಾನ್‌ವರ್ಬಲ್ ಬುದ್ಧಿ ಪರೀಕ್ಷೆ" ಎಂದಿತ್ತು. ಓದಿ ಸಮಾಧಾನವಾಯಿತು, ಅವತ್ತೇ ಸಹಿ ಹಾಕಿದೆ. ಪರೀಕ್ಷೆಯ ದಿನ ಮಗಳ ಮುಂದೆ ಬ್ಲಾಕ್ ಇಟ್ಟರು. ಅವಳು ಸರಿಯಾದ ತುಂಡನ್ನೇ ನೋಡಿದಳು. ಕೈ ಚಾಚಿದಳು, ತುಂಡುಗಳೆಲ್ಲ ನೆಲಕ್ಕೆ ಬಿದ್ದವು. ಪರೀಕ್ಷಕಿ ಸೊನ್ನೆ ಬರೆದುಕೊಂಡರು. ಆ ಸೊನ್ನೆಗಳ ಮೇಲೆ ಅವಳನ್ನು ಬರೀ ಹಲ್ಲುಜ್ಜುವುದು, ಬಟ್ಟೆ ಮಡಚುವುದು ಕಲಿಸುವ ತರಗತಿಗೆ ಹಾಕಿದರು. ಅಲ್ಲಿ ಹದಿನಾಲ್ಕು ತಿಂಗಳು ಕಳೆದಳು. ಓದು ಕಲಿಯಬೇಕಾದ ವಯಸ್ಸು ಅದು. ಈಗ ಅವಳು ಹೈಸ್ಕೂಲಿನಲ್ಲಿ ಬೀಜಗಣಿತ ಮಾಡುತ್ತಾಳೆ. ಆ ತಿಂಗಳುಗಳ ಸಿಟ್ಟು ನನಗಿನ್ನೂ ಹೋಗಿಲ್ಲ.

ಆದ್ದರಿಂದ ಸಹಿ ಹಾಕುವ ಮೊದಲು ಎರಡು ವಿಷಯ ಬರವಣಿಗೆಯಲ್ಲಿ ಕೇಳಿ: ಪರೀಕ್ಷೆಯ ಹೆಸರೇನು? ಅದರ ಪ್ರತಿ ಭಾಗದಲ್ಲೂ ಮಗು ಉತ್ತರ ಕೊಡುವುದು ಹೇಗೆ? ಎತ್ತಿ ಇಡುವುದು, ಬರೆಯುವುದು, ಬೆರಳಿಂದಲೇ ತೋರಿಸಬೇಕೆನ್ನುವುದು, ಸಮಯದ ಮಿತಿ, ಇವುಗಳಲ್ಲಿ ಒಂದು ಇದ್ದರೂ ಆ ಭಾಗ ಬೇಡವೆಂದು ಬರೆಯಿರಿ. ಕಾನೂನು ನಿಮ್ಮ ಪರವಾಗಿದೆ. ಅಂಗವಿಕಲ ಮಕ್ಕಳ ಶಿಕ್ಷಣಕ್ಕಾಗಿ ಅಮೆರಿಕದಲ್ಲಿರುವ ಐಡಿಇಎ ಕಾನೂನಿನ 300.304ನೇ ನಿಯಮದ ಪ್ರಕಾರ, ನೋಟ, ಕೇಳುವಿಕೆ, ಕೈ ಅಥವಾ ಮಾತಿನ ತೊಂದರೆ ಇರುವ ಮಗುವಿನ ಪರೀಕ್ಷೆ ಬುದ್ಧಿಯನ್ನು ಅಳೆಯಬೇಕೇ ಹೊರತು ಆ ತೊಂದರೆಯನ್ನಲ್ಲ. ಆಗುವಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಪರೀಕ್ಷೆ ನಡೆಸಬೇಕು ಎಂಬುದೂ ಅಲ್ಲೇ ಇದೆ. ಪತ್ರದಲ್ಲಿ ಈ ನಿಯಮದ ಸಂಖ್ಯೆ ಇದ್ದರೆ ಬರುವ ಉತ್ತರದ ಧಾಟಿಯೇ ಬೇರೆ ಇರುತ್ತದೆ. ನಾನು ನೋಡಿದ್ದೇನೆ.

ಇನ್ನು ಅಂಕೋಲೆಯ ಹುಡುಗನ ವಿಷಯ. ವರದಿಯಲ್ಲಿ ಇನ್ನೊಂದು ಸಾಲು ಇತ್ತು: "ಹೌದು-ಇಲ್ಲ ಎಂದು ನಂಬುವ ಹಾಗೆ ಹೇಳಲು ಬರುವುದಿಲ್ಲ." ತಾಯಿಯನ್ನು ಕೇಳಿದೆ. ಶಾಲೆಯ ಸ್ಪೀಚ್ ಥೆರಪಿಸ್ಟ್ ಅವನಿಗೆ "ಹೌದು ಅಂದರೆ ಮೇಲೆ ನೋಡು" ಎಂದು ಆರು ತಿಂಗಳು ಕಲಿಸಿದ್ದರಂತೆ, ಬರಲಿಲ್ಲವಂತೆ. ಮನೆಯಲ್ಲಿ ಹೇಗೆ ಹೇಳುತ್ತಾನೆ ಅಂದೆ. "ಹೌದಾದ್ರೆ ಕಣ್ಣು ಗಟ್ಟಿ ಮುಚ್ತಾನೆ, ಇಲ್ಲಾದ್ರೆ ಮುಖ ಎಡಕ್ಕೆ ತಿರುಗಿಸ್ತಾನೆ. ಅದು ಎಲ್ಲರಿಗೂ ಗೊತ್ತಲ್ಲ!" ಅಂದಳು. ಎಲ್ಲರಿಗೂ ಅಂದರೆ ಅಂಕೋಲೆಯ ಮನೆಯವರಿಗೆ. ಅಮೆರಿಕದ ಪರೀಕ್ಷಕರಿಗೆ ಯಾರೂ ಹೇಳಿರಲಿಲ್ಲ.

ಪರೀಕ್ಷೆಗೆ ಮೊದಲು ಮನೆಯಲ್ಲೇ ಮಾಡಬೇಕಾದ ಕೆಲಸ ಇದು. ಉತ್ತರ ಮಗುವಿಗೆ ಖಂಡಿತ ಗೊತ್ತಿರುವ ಇಪ್ಪತ್ತು ಪ್ರಶ್ನೆ ಬರೆದುಕೊಳ್ಳಿ. ಹತ್ತಕ್ಕೆ ಹೌದು, ಹತ್ತಕ್ಕೆ ಇಲ್ಲ, ಕಲಸಿ ಇಡಿ. ಕೇಳುವವರು ಮನೆಯವರಾಗಬಾರದು. ನಮ್ಮ ಆಯಿ ಅವನನ್ನು ಅವತ್ತೇ ಮೊದಲು ನೋಡಿದ್ದು. ಜಗಲಿಯಲ್ಲಿ ಅವನ ಎದುರು ಕೂತು ಅವಳೇ ಕೇಳಿದಳು: "ನೀನು ಹುಡುಗಿನಾ?" "ಇದು ನಿನ್ನ ಅಪ್ಪನಾ?" "ದೋಣಿ ಮರ ಹತ್ತುತ್ತದಾ?" ಇಪ್ಪತ್ತರಲ್ಲಿ ಹದಿನೆಂಟು ಸರಿ ಬಂತು. ಮಗು ಸುಮ್ನೆ ಊಹಿಸಿದರೆ ಹತ್ತರ ಆಸುಪಾಸು ಬರುತ್ತದೆ. ಈ ಪ್ರಶ್ನೋತ್ತರವನ್ನು ವಿಡಿಯೊ ಮಾಡಿ ಇಟ್ಟುಕೊಳ್ಳಿ, ಪರೀಕ್ಷಕರಿಗೆ ಮೊದಲು ಅದನ್ನೇ ತೋರಿಸಿ.

ಹಾಗಾದರೆ ಮೇಲೆ ನೋಡಲು ಯಾಕೆ ಬರಲಿಲ್ಲ? ಅದನ್ನು ತಿಳಿಯಲು ಮರುದಿನ ಫೋಟೊ ಫ್ರೇಮ್ ಅಂಗಡಿಯಿಂದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಂದೆವು. ನಾಲ್ಕು ಮೂಲೆಗೆ ನಾಲ್ಕು ಚಿತ್ರ ಅಂಟಿಸಿ ಅವನ ಮುಂದೆ ಹಿಡಿದು, ನಾನು ಆಚೆ ಕಡೆ ಕೂತೆ. ಮಗು ಯಾವ ಮೂಲೆ ನೋಡುತ್ತದೆ ಎಂದು ಹಾಳೆಯ ಮೂಲಕವೇ ಕಾಣುತ್ತದೆ. ಅಮೆರಿಕದ ಪರೀಕ್ಷಕರ ಬಳಿ ಇರುವ ಕಣ್ಣೋಟದ ಬೋರ್ಡ್ ಕೂಡ ಇದೇ. ತೆಂಗಿನಕಾಯಿ, ದೋಣಿ, ಮೊರ, ಏಡಿ, ಹೀಗೆ ಇಪ್ಪತ್ತನಾಲ್ಕು ಶಬ್ದ ಕೇಳಿದೆ. ಸರಿಯುತ್ತರ ಹನ್ನೆರಡು ಸಲ ಮೇಲಿನ ಮೂಲೆಗಳಲ್ಲಿ, ಹನ್ನೆರಡು ಸಲ ಕೆಳಗಿನ ಮೂಲೆಗಳಲ್ಲಿ ಬರುವ ಹಾಗೆ ಇಟ್ಟಿದ್ದೆ.

ಒಟ್ಟು ಹನ್ನೊಂದು ಸರಿ. ಅಷ್ಟೇ ನೋಡಿದರೆ ಅರ್ಧಕ್ಕಿಂತ ಕಡಿಮೆ. ಬಿಡಿಸಿ ನೋಡಿದಾಗ ಕೆಳಗಿನ ಹನ್ನೆರಡರಲ್ಲಿ ಹತ್ತು ಸರಿ, ಮೇಲಿನ ಹನ್ನೆರಡರಲ್ಲಿ ಒಂದು. ಏನೂ ತಿಳಿಯದೆ ಸುಮ್ಮನೆ ಊಹಿಸಿದರೂ ಹನ್ನೆರಡಕ್ಕೆ ಮೂರರಷ್ಟು ಬರಬೇಕು. ಒಂದೇ ಬಂತು ಅಂದರೆ ಅವನ ಕಣ್ಣು ಮೇಲಕ್ಕೆ ಹೋಗುತ್ತಲೇ ಇಲ್ಲ. ಕಾಮಾಲೆ ಮಿದುಳಿಗೆ ಏರಿದ ಮಕ್ಕಳಿಗೆ ಕಣ್ಣು ಮೇಲೆತ್ತಿ ನೋಡಲು ಕಷ್ಟವಾಗುವುದು ತಿಳಿದ ವಿಷಯವೇ. ಫೈಲ್ ಹುಡುಕಿದರೆ ಕಣ್ಣಿನ ಡಾಕ್ಟರ ಹಳೆಯ ಚೀಟಿಯಲ್ಲಿ ಅದೇ ಬರೆದಿತ್ತು! ಶಾಲೆಗೆ ಆ ಚೀಟಿ ಕೊಟ್ಟಿರಲಿಲ್ಲ. ಇಂಥ ಮಕ್ಕಳ ಕಿವಿಯ ಬಗ್ಗೆಯೂ ಒಂದು ಎಚ್ಚರಿಕೆ. ಒಎಇ ಎಂಬ ಸಾದಾ ಕಿವಿ ಪರೀಕ್ಷೆ ಪಾಸಾದರೂ ಶಬ್ದ ಮಿದುಳಿಗೆ ಸರಿಯಾಗಿ ತಲುಪದೆ ಇರಬಹುದು. ಅದನ್ನು ನೋಡುವ ಎಬಿಆರ್ ಪರೀಕ್ಷೆ ಮಾಡಿಸಿ ಅದರ ಕಾಗದವನ್ನೂ ಜೊತೆಗಿಡಿ.

ವಾಪಸ್ ಹೋದ ಮೇಲೆ ಅವರು ಹೊರಗಿನ ಮನಶ್ಶಾಸ್ತ್ರಜ್ಞರೊಬ್ಬರಿಂದ ಮತ್ತೆ ಪರೀಕ್ಷೆ ಮಾಡಿಸಿದರು. ಅವರು ಆರಿಸಿದ್ದು ರೇವನ್‌ನ ಬಣ್ಣದ ಮ್ಯಾಟ್ರಿಸಸ್. 36 ಪ್ರಶ್ನೆ, ಪ್ರತಿಯೊಂದರಲ್ಲೂ ಒಂದು ತುಂಡು ಬಿಟ್ಟುಹೋದ ವಿನ್ಯಾಸ, ಕೆಳಗೆ ಆರು ಆಯ್ಕೆ. ಭಾಷೆ ಬೇಡ, ಜೋಡಿಸಬೇಕಾಗಿಲ್ಲ, ಗಡಿಯಾರವಿಲ್ಲ. ಪರೀಕ್ಷಕರು ಆರು ಆಯ್ಕೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು "ಇದಾ?" ಎಂದು ಕೇಳುತ್ತಾರೆ, ಹುಡುಗ ಕಣ್ಣು ಗಟ್ಟಿ ಮುಚ್ಚಿದರೆ ಅದೇ ಉತ್ತರ. ಆರೂ ಮುಗಿಯುವವರೆಗೆ ಕೇಳುತ್ತಾರೆ. ಪ್ರತಿಯೊಂದರ ಮೇಲೂ ಒಂದೇ ಸಮಯ, ಒಂದೇ ದನಿ. ಸರಿಯುತ್ತರದ ಮೇಲೆ ಬೆರಳು ಸ್ವಲ್ಪ ತಡೆದರೂ ಮಗುವಿಗೆ ಸುಳಿವು ಸಿಕ್ಕಿಬಿಡುತ್ತದೆ. ಇಪ್ಪತ್ತು ನಿಮಿಷದ ಹಾಗೆ ಮೂರು ದಿನ ಕೂರಿಸಿದರು, ಯಾಕೆಂದರೆ ದಣಿದರೆ ಅವನ ಮೈ ಬಿಗಿಯುತ್ತದೆ, ಕಣ್ಣು ಮುಚ್ಚುವುದು ತಿಳಿಯದಾಗುತ್ತದೆ. ಕಾಲು ನೆಲಕ್ಕೆ ತಾಗುವ, ತಲೆಗೆ ಆಸರೆ ಇರುವ ಅವನದೇ ಗಾಲಿ ಕುರ್ಚಿ ಬೇಕೆಂದೂ ಕೇಳಿದ್ದರು.

36ರಲ್ಲಿ 25 ಸರಿ ಬಂತು. ಊಹೆಗೆ ಬರುವುದು ಆರು. ಓರಗೆಯ ಮಕ್ಕಳ ಸರಾಸರಿಯ ಒಳಗೇ ಇದ್ದಾನೆಂದು ವರದಿ ಹೇಳಿತು.

ಆದರೆ ಆ ವರದಿ ಒಂದೇ ಒಂದು ಐಕ್ಯೂ ಸಂಖ್ಯೆ ಕೊಡಲಿಲ್ಲ. ಹುಡುಗನ ಅಪ್ಪನಿಗೆ ಬೇಸರವಾಯಿತು, ಕೊಡದಿದ್ದುದೇ ಸರಿ ಅಂತ ನಾನು ಹೇಳಿದೆ. ಈ ಪರೀಕ್ಷೆ ನೋಡಿ ತರ್ಕಿಸುವುದನ್ನು ಮಾತ್ರ ಅಳೆಯುತ್ತದೆ, ಬುದ್ಧಿಯ ಎಲ್ಲ ಮುಖಗಳನ್ನಲ್ಲ. ಓರಗೆಯ ಮಕ್ಕಳು ಬೆರಳಿಟ್ಟು ತೋರಿಸಿದ್ದು, ಇವನು ಕಣ್ಣು ಮುಚ್ಚಿ ಹೇಳಿದ್ದು. ಹಾಗಾಗಿ ವಿಧಾನ ಹೇಗೆ ಬದಲಾಯಿತು ಎಂದು ಬರೆದು, ಅಂಕವನ್ನು ಅಂದಾಜು ಎಂದು ಹೇಳುವ ವರದಿಯೇ ಪ್ರಾಮಾಣಿಕ. ಆರು ಆಯ್ಕೆಯನ್ನು ಎರಡಕ್ಕೆ ಇಳಿಸಿಯೂ ಪುಸ್ತಕದ ಪಟ್ಟಿಯಿಂದ ಅಂಕ ತೆಗೆದಿದ್ದರೆ ಆ ವರದಿ ನಂಬಬೇಡಿ, ಸಂಖ್ಯೆ ಎಷ್ಟೇ ಚೆನ್ನಾಗಿರಲಿ. ಮಗುವಿನ ಕೈ ಹಿಡಿದು ಉತ್ತರ ತೋರಿಸಲೂ ಹೋಗಬೇಡಿ. ಕೈ ಹಿಡಿದವರ ಉತ್ತರವೇ ಬರುತ್ತದೆ, ಹಿಡಿದವರಿಗೇ ಅದು ಗೊತ್ತಾಗುವುದಿಲ್ಲ.

ಊರಿನ ಕಾಗದಗಳ ಬಗ್ಗೆ ಒಂದು ಮಾತು. ನಮ್ಮಲ್ಲಿ ವೈನ್‌ಲ್ಯಾಂಡ್ ಸಾಮಾಜಿಕ ಪ್ರಬುದ್ಧತೆ ಮಾಪಕದಿಂದ ಬಂದ ಅಂಕವನ್ನು ಅನೇಕ ಕಡೆ ಬುದ್ಧಿಯ ಅಂಕದ ಹಾಗೆಯೇ ಬರೆಯುತ್ತಾರೆ. ತಾನೇ ಉಣ್ಣುತ್ತಾನಾ, ಗುಂಡಿ ಹಾಕಿಕೊಳ್ಳುತ್ತಾನಾ ಎಂದು ತಾಯಿಯನ್ನು ಕೇಳಿ ಹಾಕುವ ಅಂಕ ಅದು. ಕೈ ಆಡದ ಮಗುವಿಗೆ ಕಡಿಮೆ ಬಂದೇ ಬರುತ್ತದೆ. ಆ ಕಾಗದವನ್ನು ವಿವರಣೆ ಇಲ್ಲದೆ ಅಮೆರಿಕದ ಶಾಲೆಗೆ ಕೊಟ್ಟರೆ ಪರೀಕ್ಷಕರು ಅದೇ ನಿರೀಕ್ಷೆ ಇಟ್ಟುಕೊಂಡು ಕೂರುತ್ತಾರೆ. ಅಲ್ಲಿಯೂ ವೈನ್‌ಲ್ಯಾಂಡ್ ಇದೆ. ಉತ್ತರಿಸುವಾಗ "ಕೈಯಿಂದ ಆಗದು, ಆದರೆ ಯಾವ ಅಂಗಿ ಬೇಕೆಂದು ಆರಿಸುತ್ತಾನೆ" ಎಂಬಂಥದ್ದನ್ನೂ ಬರೆಸಿ. ನನ್ನ ಮಟ್ಟಿಗೆ ಕಾನೂನಿನಲ್ಲಿ ಅಮೆರಿಕವೇ ಮೇಲು. ಆದರೆ ತಾಯಿಯ ಮಾತಿಗೆ ಕಿವಿ ಕೊಡುವ ತಾಳ್ಮೆ ನಮ್ಮೂರಿನ ಹಳೆಯ ಡಾಕ್ಟರುಗಳಲ್ಲೇ ಜಾಸ್ತಿ ಕಂಡಿದ್ದೇನೆ.

ಕೊನೆಗೆ ದುಡ್ಡು. ನಾನು ಸಿಟ್ಟಿನಲ್ಲಿ ನೇರ ಖಾಸಗಿ ಪರೀಕ್ಷೆಗೆ ಹೋಗಿ ಮೂರು ಸಾವಿರ ಡಾಲರ್ ಕೊಟ್ಟೆ. ಶಾಲೆ ವರದಿ ನೋಡಿತು, ಹಣ ಕೊಡಲಿಲ್ಲ. ಮೊದಲು ಕೇಳಬೇಕಿತ್ತು. ಶಾಲೆಯ ಪರೀಕ್ಷೆ ಒಪ್ಪಿಗೆಯಿಲ್ಲ, 300.502ನೇ ನಿಯಮದಂತೆ ಶಾಲೆಯ ಖರ್ಚಿನಲ್ಲಿ ಸ್ವತಂತ್ರ ಪರೀಕ್ಷೆ ಬೇಕು ಎಂದು ಒಂದು ಪತ್ರ ಸಾಕು. ಆಗ ಶಾಲೆ ಒಂದೋ ಹಣ ಕೊಡಬೇಕು, ಇಲ್ಲವೇ ತನ್ನ ಪರೀಕ್ಷೆ ಸರಿಯೆಂದು ವಿಚಾರಣೆಗೆ ಹೋಗಿ ತೋರಿಸಬೇಕು. ಅಂಕೋಲೆಯವರು ನಮ್ಮ ಜಗಲಿಯಲ್ಲೇ ಕೂತು ಆ ಪತ್ರ ಬರೆದರು. ಇಪ್ಪತ್ತು ಪ್ರಶ್ನೆಯ ವಿಡಿಯೊ, ಇಪ್ಪತ್ತನಾಲ್ಕು ಚಿತ್ರದ ಲೆಕ್ಕ, ಕಣ್ಣಿನ ಡಾಕ್ಟರ ಚೀಟಿ ಮೂರನ್ನೂ ಅದರ ಜೊತೆ ಕಳಿಸಿದರು. ಒಂದು ಡಾಲರೂ ಖರ್ಚಾಗಲಿಲ್ಲ.