ಸಂಬಳವನ್ನು ಯಾವ ದರದಲ್ಲಿ ಗುಣಿಸಬೇಕು?

ಹೊಸ ದೇಶಕ್ಕೆ ಬಂದವರು ಮೊದಮೊದಲು ಕಂಡದ್ದಕ್ಕೆಲ್ಲ ವಿನಿಮಯ ದರ ಗುಣಿಸಿ ನೋಡುತ್ತಾರೆ. ಸಂಬಳ ಗುಣಿಸಿದರೆ ಖುಷಿ, ಬಾಡಿಗೆ ಗುಣಿಸಿದರೆ ಗಾಬರಿ. ಇಲ್ಲೇ ಖರ್ಚಾಗುವ ಹಣಕ್ಕೆ ಬೇರೊಂದು ದರ ಬೇಕು. ಅದೇ ಕೊಳ್ಳುವ ಶಕ್ತಿಯ ಸಮಾನತೆ, ಚಿಕ್ಕದಾಗಿ ಪಿಪಿಪಿ.

ಹಳೆಯ ದೇಶದ ಹಣ ‘ಅ’, ಹೊಸ ದೇಶದ್ದು ‘ಬ’ ಎಂದುಕೊಳ್ಳಿ. ಬ್ಯಾಂಕಿನಲ್ಲಿ 1 ಬ ಕೊಟ್ಟರೆ 80 ಅ ಸಿಗುತ್ತದೆ. ಒಂದೇ ಬಗೆಯ ತಿಂಗಳ ಖರ್ಚು ಅಲ್ಲಿ 20,000 ಅ, ಇಲ್ಲಿ 800 ಬ. ಭಾಗಿಸಿದರೆ 25. ಅಂದರೆ ಇಲ್ಲಿ 1 ಬ ಮಾಡುವ ಕೆಲಸವನ್ನು ಅಲ್ಲಿ 25 ಅ ಮಾಡುತ್ತದೆ. 80 ಅಲ್ಲ.

ಇಷ್ಟೊಂದು ಅಂತರ ಯಾಕೆ? ಫೋನು ಗಡಿ ದಾಟುತ್ತದೆ. ಅಲ್ಲಿ 40,000 ಅ ಆದರೆ, ಇಲ್ಲಿ ಹೆಚ್ಚು ಕಡಿಮೆ 500 ಬ. ತೆರಿಗೆ, ಸಾಗಣೆ ಬಿಟ್ಟರೆ ದೊಡ್ಡ ವ್ಯತ್ಯಾಸ ಇರುವುದಿಲ್ಲ, ಇದ್ದರೆ ವ್ಯಾಪಾರಿಗಳು ಅಗ್ಗದ ಕಡೆಯಿಂದ ತಂದು ಮಾರುತ್ತಾರೆ. ಕ್ಷೌರ ಹಾಗಲ್ಲ. ಅಲ್ಲಿ 100 ಅ, ಇಲ್ಲಿ 20 ಬ, ಅಂದರೆ 1,600 ಅ! ಇಲ್ಲಿನ ಕ್ಷೌರಿಕರು ಹದಿನಾರು ಪಟ್ಟು ಚೆನ್ನಾಗಿ ಕತ್ತರಿಸುತ್ತಾರೆ ಅಂತೇನಲ್ಲ. ಇಲ್ಲಿನ ಕಾರ್ಖಾನೆಗಳಲ್ಲಿ ಒಬ್ಬ ಕೆಲಸಗಾರ ಗಂಟೆಗೆ ಜಾಸ್ತಿ ಉತ್ಪಾದಿಸುತ್ತಾನೆ, ಜಾಸ್ತಿ ಕೂಲಿ ಪಡೆಯುತ್ತಾನೆ. ಕ್ಷೌರದಂಗಡಿಯೂ ಅದಕ್ಕೆ ಹತ್ತಿರದ ಕೂಲಿ ಕೊಡದಿದ್ದರೆ ಅಲ್ಲಿ ಕೆಲಸಕ್ಕೆ ಯಾರೂ ನಿಲ್ಲುವುದಿಲ್ಲ. 1964ರಲ್ಲಿ ಬಲಾಸಾ ಮತ್ತು ಸ್ಯಾಮ್ಯುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು ಬೇರೆ ಬೇರೆಯಾಗಿ ವಿವರಿಸಿದ್ದು ಇದನ್ನೇ. ಮಕ್ಕಳನ್ನು ನೋಡಿಕೊಳ್ಳುವುದು, ರಿಪೇರಿ, ಮನೆಗೆಲಸ, ಎಲ್ಲಕ್ಕೂ ಇದೇ ಕಥೆ.

ಈಗ ಸಂಬಳಕ್ಕೆ ಬರೋಣ. ತಿಂಗಳಿಗೆ 4,000 ಬ ಬರುತ್ತದೆ, 3,200 ಇಲ್ಲೇ ಖರ್ಚಾಗುತ್ತದೆ ಎನ್ನಿ. ಆ ಭಾಗವನ್ನು 25ರಿಂದ ಗುಣಿಸಿ: ಅಲ್ಲಿ 80,000 ಅ ಖರ್ಚು ಮಾಡಿ ಬದುಕಿದ ಹಾಗೆ. ಉಳಿದ 800 ಬ ಊರಿಗೆ ಕಳಿಸಿದರೆ ಅದಕ್ಕೆ ಬ್ಯಾಂಕಿನ ದರವೇ ಲೆಕ್ಕ: 64,000 ಅ. ಪೂರ್ತಿ ಸಂಬಳವನ್ನು ಒಂದೇ ದರದಲ್ಲಿ ಗುಣಿಸಿ ಕೆಲಸ ಒಪ್ಪಿಕೊಳ್ಳಬೇಡಿ, ಬಿಡಲೂಬೇಡಿ.

ನಿಜವಾದ ದರ ವಿಶ್ವಬ್ಯಾಂಕಿನ ದತ್ತಾಂಶ ತಾಣದಲ್ಲಿ ಸಿಗುತ್ತದೆ. ಅಲ್ಲಿ `PA.NUS.PRVT.PP` ಎಂದು ಹುಡುಕಿ. ಇದು ಮನೆಖರ್ಚಿನ ಪಿಪಿಪಿ. ಒಟ್ಟು ಜಿಡಿಪಿಯ ಪಿಪಿಪಿಯಲ್ಲಿ ಯಂತ್ರ, ಕಟ್ಟಡ, ಸರ್ಕಾರದ ಖರ್ಚೂ ಸೇರಿರುತ್ತದೆ, ಸಂಸಾರಕ್ಕೆ ಅದು ಬೇಡ. ಅಂಕಿ ಅಮೆರಿಕದ ಡಾಲರಿಗೆ ಹೋಲಿಸಿದ್ದು. ಹಾಗಾಗಿ ಹಳೆಯ ದೇಶದ ಅಂಕಿಯನ್ನು ಹೊಸ ದೇಶದ ಅಂಕಿಯಿಂದ ಭಾಗಿಸಿ.

ಆದರೆ ಇದು ಇಡೀ ದೇಶದ ಸರಾಸರಿ. ದೊಡ್ಡ ನಗರದ ಬಾಡಿಗೆ ಇದನ್ನು ಸುಳ್ಳು ಮಾಡಬಹುದು. ಇನ್ನೊಂದು ತೊಡಕು ನಮ್ಮ ಅಭ್ಯಾಸಗಳದ್ದು. ಅಲ್ಲಿ ಅಗ್ಗವಾಗಿದ್ದದ್ದನ್ನೇ ಇಲ್ಲೂ ಕೊಂಡರೆ ಬುಟ್ಟಿ, ಅಂದರೆ ತಿಂಗಳಿಗೆ ಕೊಳ್ಳುವುದೆಲ್ಲ ಸೇರಿ, ದುಬಾರಿ ಆಗುತ್ತದೆ. ಇಲ್ಲಿನವರು ಇಲ್ಲಿ ಅಗ್ಗವಾದದ್ದನ್ನು ಹೆಚ್ಚು ಕೊಳ್ಳುತ್ತಾರೆ, ಅವರ ಬುಟ್ಟಿಯಿಂದ ಲೆಕ್ಕ ಹಾಕಿದರೆ ಬೇರೆಯೇ ದರ ಬರುತ್ತದೆ. ಮೂರು ತಿಂಗಳ ಖರ್ಚು ಬರೆದಿಟ್ಟು, ನಿಮ್ಮದೇ ಬುಟ್ಟಿಯ ದರ ತೆಗೆಯಿರಿ. ಮೊದಲ ತಿಂಗಳ ಮುಂಗಡ, ಪಾತ್ರೆ, ಹಾಸಿಗೆ ಅದರಲ್ಲಿ ಸೇರಿಸಬೇಡಿ.