ಎಂಆರ್‌ಪಿಯಿಂದ ಹಿಂದಕ್ಕೆ ಲೆಕ್ಕ: ನಾನು ತಪ್ಪು ಮಾಡಿ ಕಲಿತದ್ದು

ಮಾವನ ಅಂಗಡಿಯ ಬಿಲ್ಲುಗಳನ್ನು ಎಕ್ಸೆಲ್‌ಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಾಗ ಇದೇನು ಮಹಾ ಅಂದುಕೊಂಡಿದ್ದೆ. ಪ್ಯಾಕೆಟ್ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದರಿಂದ ಜಿಎಸ್‌ಟಿ ಬಿಡಿಸಿ ತೋರಿಸಬೇಕು, ಅಷ್ಟೇ ಅಲ್ವಾ?

ಮೊದಲ ಸಾಲಿನಲ್ಲೇ ಎಡವಿದೆ. 236 ರೂಪಾಯಿಯ ಬಟ್ಟೆ ಸೋಪಿನ ಪುಡಿ, ತೆರಿಗೆ 18 ಪರ್ಸೆಂಟ್. 236ಕ್ಕೆ 18 ಪರ್ಸೆಂಟ್ ಹಾಕಿದೆ, 42.48 ಬಂತು. ಅದನ್ನು ಕಳೆದು 193.52 ಎಂದು ಬರೆದೆ. ಎರಡನ್ನೂ ಕೂಡಿದರೆ ಸರಿಯಾಗಿ 236! ಹಾಗಾಗಿ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ತಿಂಗಳ ಕೊನೆಗೆ ಲೆಕ್ಕ ನೋಡುವವರು ಒಟ್ಟು ತೆರಿಗೆಯನ್ನು ತೆರಿಗೆ ಕಳೆದು ಉಳಿದ ಒಟ್ಟು ಮೌಲ್ಯದಿಂದ ಭಾಗಿಸಿ, "ಏನಪ್ಪಾ, ನಿಮ್ಮ ಅಂಗಡೀಲಿ ಹತ್ತಿರ ಹತ್ತಿರ 22 ಪರ್ಸೆಂಟ್ ತೆರಿಗೆನಾ?" ಅಂದರು. ಆಗ ತಲೆಗೆ ಹೊಳೆಯಿತು.

18 ಪರ್ಸೆಂಟ್ ಬೀಳುವುದು ಮೂಲ ಬೆಲೆಯ ಮೇಲೆ, 236ರ ಮೇಲೆ ಅಲ್ಲ. ಮೂಲ ಬೆಲೆ 100 ಪಾಲು, ತೆರಿಗೆ 18 ಪಾಲು, ಕೈಗೆ ಬಂದ ಹಣ 118 ಪಾಲು. ಆದ್ದರಿಂದ 236 × 18 ÷ 118. ತೆರಿಗೆ 36, ಮೌಲ್ಯ 200. ಜಿಎಸ್‌ಟಿ ನಿಯಮ 35 ಹೇಳುವುದೂ ಇದನ್ನೇ. ಒಂದು ಪ್ಯಾಕೆಟ್‌ಗೆ 6.48 ರೂಪಾಯಿ ಸುಮ್ನೆ ಜಾಸ್ತಿ ಕಟ್ಟುತ್ತಿದ್ದೆವು.

ಆಮೇಲೆ ಪೈಸೆಯ ಕಾಟ ಶುರುವಾಯಿತು. 236 ಸಲೀಸಾಗಿ ಒಡೆಯುತ್ತದೆ, ಎಲ್ಲ ಬೆಲೆಯೂ ಹಾಗಲ್ಲ. 95 ರೂಪಾಯಿಯ ಪ್ಯಾಕೆಟ್ ತೆಗೆದುಕೊಳ್ಳಿ. 1.18ರಿಂದ ಭಾಗಿಸಿದರೆ 80.51. ಅದಕ್ಕೆ ಸಿಜಿಎಸ್‌ಟಿ 9 ಪರ್ಸೆಂಟ್ ಅಂದರೆ 7.25, ಎಸ್‌ಜಿಎಸ್‌ಟಿ ಮತ್ತೆ 7.25. ಕೂಡಿ ನೋಡಿ, 95.01. ಬಿಲ್ಲು ಎಂಆರ್‌ಪಿಗಿಂತ ಒಂದು ಪೈಸೆ ಮೇಲೆ! ಒಂದೊಂದು ಪ್ಯಾಕೆಟ್‌ಗೆ ಹೀಗೆ ಮಾಡಿ ಹತ್ತರಿಂದ ಗುಣಿಸಿದರೆ ಹತ್ತು ಪೈಸೆ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಬಿಲ್ಲಿನಲ್ಲಿ ಹಾಗೆ ಕಾಣುವುದೂ ಚೆನ್ನಲ್ಲ.

ನಾನು ಕಂಡುಕೊಂಡ ದಾರಿ ಇದು. ಮೊದಲು ಇಡೀ ಸಾಲಿನ ಮೊತ್ತ ಮಾಡಿಕೊಳ್ಳುವುದು. ಅದರಿಂದ ಅರ್ಧ ತೆರಿಗೆ ತೆಗೆದು ಎರಡು ದಶಾಂಶಕ್ಕೆ ಸರಿಮಾಡುವುದು. ಮೌಲ್ಯವನ್ನು ಭಾಗಿಸಿ ತೆಗೆಯದೆ, ಮೊತ್ತದಿಂದ ಆ ಎರಡು ಅರ್ಧಗಳನ್ನು ಕಳೆದು ತೆಗೆಯುವುದು. E ಕಾಲಂನಲ್ಲಿ ಮೊತ್ತ, F ಕಾಲಂನಲ್ಲಿ ತೆರಿಗೆ ದರ:

```
G2: =ROUND(E2*F2/(100+F2)/2,2)
H2: =E2-2*G2
```

95ಕ್ಕೆ ಈಗ 80.50 ಮತ್ತು ಎರಡು 7.25. ಹತ್ತು ಪ್ಯಾಕೆಟ್‌ನ 950ಕ್ಕೆ 805.08 ಮತ್ತು ಎರಡು 72.46. ಪೈಸೆ ಆಚೀಚೆ ಆಗುವುದಿಲ್ಲ.

ಇನ್ನೊಂದು ತಪ್ಪು ಡಿಸ್ಕೌಂಟ್‌ನದು. ಆ ಹತ್ತು ಪ್ಯಾಕೆಟ್‌ಗೆ ಮಾವ 10 ಪರ್ಸೆಂಟ್ ಬಿಟ್ಟರು. ನಾನು 950ಕ್ಕೆ ತೆರಿಗೆ ಬಿಡಿಸಿ, ಬಿಲ್ಲಿನ ಕೊನೆಯಲ್ಲಿ 95 ಕಳೆದೆ. ಗಿರಾಕಿ ಕೊಟ್ಟದ್ದು 855, ತೆರಿಗೆ ಕಟ್ಟಿದ್ದು 950ಕ್ಕೆ. ಮಾರುವಾಗಲೇ ಕೊಟ್ಟು ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿಯನ್ನು ಮೌಲ್ಯಕ್ಕೆ ಸೇರಿಸಬೇಕಿಲ್ಲ. ಹಾಗಾಗಿ E ಕಾಲಂಗೆ 855 ಹೋಗಬೇಕಿತ್ತು. ಆಗ ತೆರಿಗೆ 144.92 ಅಲ್ಲ, 130.42.

ಅಂದಿನಿಂದ ಆ ಕಾಲಂನ ತಲೆಬರಹ 'ಎಂಆರ್‌ಪಿ' ಹೋಗಿ 'ಗಿರಾಕಿ ಕೊಟ್ಟದ್ದು' ಎಂದಾಯಿತು. ಮಾವ ನಕ್ಕರು, ಆದರೆ ಅದನ್ನು ಮತ್ತೆ ಹಳೆಯದಕ್ಕೆ ಬದಲಿಸಲು ಬಿಡಲಿಲ್ಲ. ಒಂದೇ ಬಿಲ್ಲಿನಲ್ಲಿ 5 ಪರ್ಸೆಂಟ್ ಮಾಲೂ 18 ಪರ್ಸೆಂಟ್ ಮಾಲೂ ಇದ್ದರೆ ಕೊನೆಯ ಮೊತ್ತವನ್ನು ಹಿಡಿದು ಭಾಗಿಸಲಾಗದು, ಸಾಲು ಸಾಲಾಗಿಯೇ ಮಾಡಬೇಕು. ದರವನ್ನು ನಾನು ಖರೀದಿ ಬಿಲ್ಲಿನಿಂದ ನೋಡಿ ಹಾಕುತ್ತೇನೆ.

ಈ ತಲೆಬರಹ ನಿಜವಾಗಿ ಕೈಹಿಡಿದದ್ದು 2025ರ ಸೆಪ್ಟೆಂಬರ್ 22ರಂದು. ಅಂದು ಟೂತ್‌ಪೇಸ್ಟ್ 18ರಿಂದ 5 ಪರ್ಸೆಂಟ್‌ಗೆ ಇಳಿಯಿತು. ಕಪಾಟಿನಲ್ಲಿದ್ದದ್ದು ಹಳೆಯ ಮಾಲು, ಮೇಲೆ 118 ಎಂದು ಅಚ್ಚಾಗಿತ್ತು. ಅದರ ಮೂಲ ಬೆಲೆ 100, ಹೊಸ ತೆರಿಗೆ 5. 105ಕ್ಕೆ ಮಾರಿದೆವು. ಅಚ್ಚಾದ 118 ಹಾಕಿ ದರ 5 ಎಂದಿದ್ದರೆ ಮೌಲ್ಯ 112.38 ಎಂದು ಬರುತ್ತಿತ್ತು, ಗಿರಾಕಿ ಕೊಡದ ಹಣಕ್ಕೂ ತೆರಿಗೆ ಬೀಳುತ್ತಿತ್ತು. E ಕಾಲಂನಲ್ಲಿ 105, F ಕಾಲಂನಲ್ಲಿ 5 ಹಾಕಿದೆ. ಸೂತ್ರ ಮುಟ್ಟಲಿಲ್ಲ. ಹಿಂದಿನ ದಿನದ ಸಾಲುಗಳಲ್ಲಿ 18 ಹಾಗೇ ಉಳಿಯಿತು.