ಚಾರ್ಟಿನೊಳಗೆ ಎಲ್ಲ ಸರಿ, ಉತ್ತರ ಮಾತ್ರ ತಪ್ಪು

ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಕ್ಯೂಸಿ ಕೆಲಸ ಮಾಡುತ್ತಲೇ ನಾನು ದೂರಶಿಕ್ಷಣದಲ್ಲಿ ಎಂಬಿಎ ಓದಿದೆ. ದಿನಾ ಮೈಕ್ರೋಮೀಟರ್ ಹಿಡಿಯುವವನಿಗೆ ಕಂಟ್ರೋಲ್ ಚಾರ್ಟ್, ಅಂದರೆ ಪ್ರಕ್ರಿಯೆ ತನ್ನ ಸಹಜ ಮಿತಿಯೊಳಗಿದೆಯೇ ಎಂದು ತೋರಿಸುವ ನಕ್ಷೆ, ಕಷ್ಟವಾಗಲಾರದು ಅಂದುಕೊಂಡಿದ್ದೆ. ಆಪರೇಷನ್ಸ್ ಪತ್ರಿಕೆಯಲ್ಲಿ ಅಂಕ ಹೋದದ್ದು ಅಲ್ಲೇ. ಲೆಕ್ಕ ಪೂರ್ತಿ ಸರಿಯಿತ್ತು, ಕೊನೆಗೆ ಬರೆದ ಒಂದು ಸಾಲು ತಪ್ಪಿತ್ತು.

ಪ್ರಶ್ನೆಯ ಮಾದರಿ ಹೀಗಿತ್ತು. ಗ್ರೈಂಡ್ ಮಾಡಿದ ಶಾಫ್ಟ್‌ನ ವ್ಯಾಸ 25.00 ± 0.05 ಮಿ.ಮೀ. ಇರಬೇಕು. ಐದೈದು ಶಾಫ್ಟ್‌ಗಳ 20 ಸ್ಯಾಂಪಲ್ ಅಳೆದಿದ್ದಾರೆ. ಪ್ರತಿ ಸ್ಯಾಂಪಲ್‌ನ ಸರಾಸರಿಯನ್ನೂ, ಅದರ ಅತಿ ದೊಡ್ಡ ಮತ್ತು ಅತಿ ಸಣ್ಣ ಅಳತೆಯ ನಡುವಿನ ಅಂತರವಾದ ರೇಂಜನ್ನೂ ತೆಗೆದಿದ್ದಾರೆ. ಸರಾಸರಿಗಳ ಸರಾಸರಿ 25.02, ರೇಂಜ್‌ಗಳ ಸರಾಸರಿ 0.05. ಚಾರ್ಟ್ ಮಾಡಿ, ಪ್ರಕ್ರಿಯೆಯ ಬಗ್ಗೆ ಅಭಿಪ್ರಾಯ ಬರೆಯಿರಿ.

ನಾನು ಮೊದಲು ರೇಂಜ್ ಚಾರ್ಟ್ ಹಾಕಿದೆ, ಈಗಲೂ ಹಾಗೇ ಮಾಡುತ್ತೇನೆ. ಸರಾಸರಿಯ ಮಿತಿಗಳು ರೇಂಜ್‌ನ ಮೇಲೇ ನಿಂತಿರುತ್ತವೆ. ರೇಂಜ್ ಹದ ತಪ್ಪಿದ್ದರೆ ಆ ಮಿತಿಗಳನ್ನು ನಂಬುವಂತಿಲ್ಲ. ಐದರ ಸ್ಯಾಂಪಲ್‌ಗೆ ಕೋಷ್ಟಕದಲ್ಲಿ ಸಿಗುವ ಗುಣಕಗಳು D₄ = 2.114, A₂ = 0.577. ರೇಂಜ್‌ನ ಮೇಲ್ಮಿತಿ 2.114 × 0.05, ಅಂದರೆ ಸುಮಾರು 0.106, ಕೆಳಮಿತಿ ಸೊನ್ನೆ. ಯಾವ ಬಿಂದುವೂ ಹೊರಗಿರಲಿಲ್ಲ. ಸರಾಸರಿಯ ಮಿತಿ 25.02 ± 0.577 × 0.05, ಅಂದರೆ 24.991ರಿಂದ 25.049. ಇಲ್ಲಿಯೂ ಎಲ್ಲ ಬಿಂದುಗಳು ಒಳಗೆ.

ಆಮೇಲೆ ನಾನು ಬರೆದದ್ದು: ‘ಮೇಲ್ಮಿತಿ 25.049, ಗ್ರಾಹಕ ಒಪ್ಪುವ ಗರಿಷ್ಠ ಅಳತೆ 25.05. ಆದ್ದರಿಂದ ಎಲ್ಲ ಶಾಫ್ಟ್‌ಗಳೂ ಸರಿಯಾಗಿವೆ.’

ಶಾಪ್‌ನಲ್ಲಿ ಹತ್ತು ಶಾಫ್ಟ್ ಕೈಗೆತ್ತಿಕೊಂಡಿದ್ದರೆ ಇದನ್ನು ಬರೆಯುತ್ತಿರಲಿಲ್ಲ. 25.049 ಎಂಬುದು ಐದು ಶಾಫ್ಟ್‌ಗಳ ಸರಾಸರಿಗೆ ಹಾಕಿದ ಗೆರೆ. ಗ್ರಾಹಕ ಸರಾಸರಿಯನ್ನು ಬೇರಿಂಗ್‌ಗೆ ತೂರಿಸುವುದಿಲ್ಲ, ಒಂದೊಂದೇ ಶಾಫ್ಟನ್ನು ತೂರಿಸುತ್ತಾನೆ. ಐದರಲ್ಲಿ ಒಂದು ದಪ್ಪ, ಒಂದು ಸಣ್ಣ ಬಂದರೆ ಸರಾಸರಿಯಲ್ಲಿ ಎರಡೂ ಒಂದನ್ನೊಂದು ಮುಚ್ಚಿಹಾಕುತ್ತವೆ. ಹಾಗಾಗಿ ಬಿಡಿ ಶಾಫ್ಟ್‌ಗಳ ಚೆದುರು ಸರಾಸರಿಯ ಚೆದುರಿಗಿಂತ √5 ಪಟ್ಟು, ಅಂದರೆ ಎರಡೂಕಾಲು ಪಟ್ಟಿನಷ್ಟು ಹೆಚ್ಚು.

ಬಿಡಿ ಶಾಫ್ಟ್‌ಗಳ ಚೆದುರನ್ನು ಲೆಕ್ಕ ಹಾಕಲು ರೇಂಜ್‌ನ ಸರಾಸರಿಯನ್ನು ಅದೇ ಕೋಷ್ಟಕದ d₂ನಿಂದ ಭಾಗಿಸಬೇಕು. 0.05 / 2.326 = 0.0215, ಇದೇ ಬಿಡಿ ಶಾಫ್ಟ್‌ನ ಸಿಗ್ಮಾ. ಅದರ ಮೂರು ಪಟ್ಟನ್ನು 25.02ಕ್ಕೆ ಕೂಡಿಸಿ, ಕಳೆದರೆ ಶಾಫ್ಟ್‌ಗಳು 24.956ರಿಂದ 25.084ರವರೆಗೆ ಹರಡಿರುವುದು ಕಾಣುತ್ತದೆ. 25.05 ದಾಟುವವು ಎಷ್ಟು? ಸರಾಸರಿಯಿಂದ ಆ ಮಿತಿ ಎಷ್ಟು ಸಿಗ್ಮಾ ದೂರ ಎಂಬುದೇ z. z = 0.03 / 0.0215, ಸುಮಾರು 1.4. ನಾರ್ಮಲ್ ಕೋಷ್ಟಕದ ಪ್ರಕಾರ ನೂರಕ್ಕೆ ಎಂಟು. ಪ್ರಕ್ರಿಯೆ ಹತೋಟಿಯಲ್ಲಿದೆ ಎಂಬುದು ನಿಜ, ನೂರಕ್ಕೆ ಎಂಟು ಶಾಫ್ಟ್ ಹೆಚ್ಚು ದಪ್ಪ ಬರುತ್ತಿವೆ ಎಂಬುದೂ ನಿಜ. ಬರೆಯಬೇಕಾದದ್ದು ಈ ಎರಡನ್ನೂ.

ಮುಂದಿನ ಸಲ ಇಂಥದೇ ಪ್ರಶ್ನೆಗೆ ‘ಸರಾಸರಿಯನ್ನು 25.00ಕ್ಕೆ ತನ್ನಿ’ ಎಂದು ಸಲಹೆ ಬರೆದು ಅಲ್ಲಿಗೇ ನಿಲ್ಲಿಸಲಿಲ್ಲ. ಹಾಗೆ ತಂದರೂ z = 0.05 / 0.0215, ಸುಮಾರು 2.33, ಎರಡೂ ಕಡೆ ನೂರಕ್ಕೆ ಒಂದೊಂದು ಹೋಗುತ್ತದೆ. ಗ್ರಾಹಕ ಕೊಟ್ಟ ಅಗಲವನ್ನು ಪ್ರಕ್ರಿಯೆಯ ಆರು ಸಿಗ್ಮಾ ಹರವಿನಿಂದ ಭಾಗಿಸಿದರೆ Cp ಸಿಗುತ್ತದೆ: Cp = 0.10 / (6 × 0.0215), ಅಂದರೆ 0.78ರ ಆಸುಪಾಸು. ಒಂದಕ್ಕಿಂತ ಕಡಿಮೆ ಎಂದಮೇಲೆ ಸೆಟ್ಟಿಂಗ್ ಬದಲಿಸಿದರೆ ಸಾಲದು, ಚೆದುರನ್ನೇ ಇಳಿಸಬೇಕು. ಅದರ ಜೊತೆಗೆ ನನ್ನ ಶಾಪ್‌ನ ಒಂದು ಮಾತನ್ನೂ ಸೇರಿಸಿದೆ. ದಪ್ಪವಾದ ಶಾಫ್ಟನ್ನು ಮತ್ತೆ ಗ್ರೈಂಡ್ ಮಾಡಬಹುದು, ಸಣ್ಣದಾದರೆ ಸ್ಕ್ರ್ಯಾಪ್. ಆಪರೇಟರ್ ಬೇಕೆಂದೇ ಮೇಲುಗಡೆಗೆ ಇಟ್ಟುಕೊಳ್ಳುತ್ತಾನೆ. ನಡುವಿಗೆ ತಂದರೆ ಒಟ್ಟು ರಿಜೆಕ್ಷನ್ ಎಂಟರಿಂದ ಎರಡಕ್ಕೆ ಇಳಿಯುತ್ತದೆ, ಆದರೆ ಸ್ಕ್ರ್ಯಾಪ್ ಹತ್ತು ಸಾವಿರಕ್ಕೆ ಆರರಷ್ಟಿದ್ದದ್ದು ನೂರಕ್ಕೆ ಒಂದಾಗುತ್ತದೆ. ಯಾವುದು ದುಬಾರಿ ಎಂಬುದಕ್ಕೆ ಚಾರ್ಟಿನಲ್ಲಿ ಉತ್ತರವಿಲ್ಲ, ಮರುಗ್ರೈಂಡಿಂಗ್‌ನ ಖರ್ಚು ಕೇಳಬೇಕು.

ಇದರ ಬಾಲವಾಗಿ ಸ್ಯಾಂಪ್ಲಿಂಗ್ ಪ್ಲ್ಯಾನ್ ಬರುವುದುಂಟು: ಲಾಟ್‌ನಿಂದ 50 ಶಾಫ್ಟ್ ತೆಗೆ, ಒಂದಕ್ಕಿಂತ ಹೆಚ್ಚು ಕೆಟ್ಟಿದ್ದರೆ ಲಾಟ್ ತಿರಸ್ಕರಿಸು. ನೂರಕ್ಕೆ ಎಂಟು ಕೆಟ್ಟಿದ್ದರೆ ಸರಾಸರಿ ನಾಲ್ಕು ಸಿಗಬೇಕು; ಪಾಯ್ಸಾನ್ ಸೂತ್ರದ ಪ್ರಕಾರ ಲಾಟ್ ಪಾಸಾಗುವ ಸಂಭವ e⁻⁴(1 + 4) = 0.09. ಅಂಥ ಹನ್ನೊಂದು ಲಾಟ್‌ಗಳಲ್ಲಿ ಸುಮಾರು ಒಂದು ನುಸುಳುತ್ತದೆ. ನೂರಕ್ಕೆ ಎರಡು ಕೆಟ್ಟಿದ್ದರೆ e⁻¹(1 + 1) = 0.74. ನೂರಕ್ಕೆ ಎರಡನ್ನು ಒಪ್ಪಬಹುದಾದ ಮಟ್ಟ ಎಂದು ಒಪ್ಪಂದವಾಗಿದ್ದರೆ, ಒಳ್ಳೆಯ ಲಾಟ್‌ಗಳಲ್ಲೂ ನಾಲ್ಕಕ್ಕೆ ಒಂದು ವಾಪಸ್ ಬರುತ್ತದೆ. ಒಳ್ಳೆಯ ಲಾಟ್ ತಿರಸ್ಕೃತವಾಗುವ ಈ ಸಂಭವವೇ ಉತ್ಪಾದಕನ ರಿಸ್ಕ್; ಅದು 0.26 ಎಂದು ಸಂಖ್ಯೆ ಬರೆದು ಬಿಡುವವರೇ ಹೆಚ್ಚು. ನಾನು ಅದರ ಕೆಳಗೆ ‘ಈ ಪ್ಲ್ಯಾನ್ ಪೂರೈಕೆದಾರನಿಗೆ ಕಠಿಣ, ಸ್ಯಾಂಪಲ್‌ನಲ್ಲಿ ಕೆಟ್ಟವು ಎರಡಿದ್ದರೂ ಒಪ್ಪುವಂತೆ c = 2 ಮಾಡಿದರೆ ಒಪ್ಪಿಗೆ 0.92ಕ್ಕೆ ಏರುತ್ತದೆ, ಆದರೆ ಎಂಟರ ಲಾಟ್ ನುಸುಳುವುದೂ 0.24ಕ್ಕೆ ಏರುತ್ತದೆ’ ಎಂದು ಬರೆದೆ.